ಕುಂಡದ ತೇವ ಹಿಡಿತ: ಮಣ್ಣು, ಪ್ಲಾಸ್ಟಿಕ್, ಪಿಂಗಾಣಿ

ನೀರು ಹಾಕಿದ ಮೇಲೆ ಕುಂಡದ ಮಣ್ಣು ಎಷ್ಟು ಹೊತ್ತು ಹಸಿಯಾಗಿ ಉಳಿಯುತ್ತದೆ ಅನ್ನುವುದೇ ತೇವ ಹಿಡಿತ. ಕೇಳಲು ಇದು ಮಣ್ಣಿನ ಗುಣ ಅನಿಸುತ್ತದೆ. ಆದರೆ ಒಂದೇ ಮಣ್ಣು, ಒಂದೇ ಗಿಡ, ಅಷ್ಟೇ ನೀರು ಕೊಟ್ಟರೂ ಒಂದು ಕುಂಡ ಮರುದಿನ ಮಧ್ಯಾಹ್ನಕ್ಕೇ ಒಣಗಿರುತ್ತದೆ, ಪಕ್ಕದ್ದು ಇನ್ನೂ ಒದ್ದೆಯಾಗಿರುತ್ತದೆ. ಇಲ್ಲಿ ಆಟ ಆಡುವುದು ಕುಂಡದ ಗೋಡೆ.

ಕಲಬುರಗಿ, ರಾಯಚೂರಿನ ಕಡೆಯ ಒಂದು ತಾರಸಿಯನ್ನೇ ತೆಗೆದುಕೊಳ್ಳೋಣ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ 40 ಡಿಗ್ರಿ ದಾಟುವುದು ಅಲ್ಲಿ ಮಾಮೂಲು. ಗಾಳಿಯ ತೇವಾಂಶ ಶೇಕಡಾ 20ರ ಆಸುಪಾಸಿಗೆ ಇಳಿಯುತ್ತದೆ. ಜೊತೆಗೆ ಬಿಸಿಗಾಳಿ. ಇಂಥ ಕಡೆ ಕುಂಡದ ನೀರು ನಾಲ್ಕು ದಾರಿಯಲ್ಲಿ ಹೋಗುತ್ತದೆ: ತಳದ ತೂತಿನಿಂದ, ಮೇಲ್ಮಣ್ಣಿನಿಂದ, ಎಲೆಗಳಿಂದ, ಗೋಡೆಯಿಂದ. ಮೊದಲ ಮೂರು ದಾರಿ ಎಲ್ಲ ಕುಂಡಗಳಿಗೂ ಹೆಚ್ಚು ಕಡಿಮೆ ಒಂದೇ. ನಾಲ್ಕನೆಯದು ಮಾತ್ರ ಕೆಲವು ಕುಂಡಗಳಲ್ಲಿ ತೆರೆದಿರುತ್ತದೆ, ಕೆಲವುದರಲ್ಲಿ ಮುಚ್ಚಿರುತ್ತದೆ.

ಮಣ್ಣಿನ ಕುಂಡದಲ್ಲಿ ಅದು ತೆರೆದಿರುತ್ತದೆ. ಟೆರಾಕೋಟಾ ಅಂದರೆ ಸುಮಾರು 1000 ಡಿಗ್ರಿಯ ಆಸುಪಾಸಿನಲ್ಲಿ ಸುಟ್ಟ ಜೇಡಿಮಣ್ಣು. ಆ ಶಾಖಕ್ಕೆ ಮಣ್ಣು ಗಟ್ಟಿಯಾಗುತ್ತದೆ, ಆದರೆ ಕರಗಿ ಗಾಜಿನಂತೆ ಕೂಡಿಕೊಳ್ಳುವುದಿಲ್ಲ. ಕಣ್ಣಿಗೆ ಕಾಣದ ಸಣ್ಣ ರಂಧ್ರಗಳು ಹಾಗೇ ಉಳಿಯುತ್ತವೆ. ಒಳಗಿನ ತೇವ ಅವುಗಳ ಮೂಲಕ ಹೊರಮೈಗೆ ಬಂದು ಆವಿಯಾಗುತ್ತದೆ. ಬೇಸಿಗೆಯಲ್ಲಿ ಕುಡಿಯುವ ನೀರಿನ ಹರವಿ ಮಾಡುವುದೂ ಇದನ್ನೇ.

ಗೋಡೆಯಿಂದ ಎಷ್ಟು ಹೋಗಬಹುದು? 10 ಇಂಚಿನ ಸಾಮಾನ್ಯ ಕುಂಡದ ಲೆಕ್ಕ ಹಾಕೋಣ. ಮಣ್ಣು ತುಂಬಿದ ಎತ್ತರ 22 ಸೆಂ.ಮೀ., ಸರಾಸರಿ ಅಗಲವೂ 22 ಸೆಂ.ಮೀ. ಇರಲಿ. ಮೇಲ್ಮಣ್ಣು ಗಾಳಿಗೆ ತೆರೆದಿರುವುದು ಸುಮಾರು 450 ಚದರ ಸೆಂ.ಮೀ. ಸುತ್ತಲಿನ ಗೋಡೆ ಸುಮಾರು 1,500 ಚದರ ಸೆಂ.ಮೀ. ಅಂದರೆ ಮೇಲ್ಮಣ್ಣಿನ ಮೂರು ಪಟ್ಟಿಗಿಂತ ಜಾಸ್ತಿ. ನಾವು ಮೇಲೆ ಒಣ ಎಲೆ, ತೆಂಗಿನ ನಾರು ಹೊದಿಸಿ ತೇವ ಉಳಿಸಿದೆವು ಅಂದುಕೊಳ್ಳುತ್ತೇವೆ. ಮಣ್ಣಿನ ಕುಂಡದಲ್ಲಿ ಅದು ಸಣ್ಣ ಬಾಗಿಲು ಮುಚ್ಚಿ ದೊಡ್ಡ ಬಾಗಿಲು ತೆರೆದಿಟ್ಟ ಹಾಗೆ. ಹೊದಿಕೆ ಬೇಡ ಅಂತಲ್ಲ, ಅದರ ಲಾಭ ಪ್ಲಾಸ್ಟಿಕ್ ಕುಂಡದಲ್ಲಿ ಹೆಚ್ಚು ಕಾಣುತ್ತದೆ.

ಇದೇ ಲೆಕ್ಕದಲ್ಲಿ ಇನ್ನೊಂದು ವಿಷಯವಿದೆ. ಆ ಕುಂಡದಲ್ಲಿ ಹಿಡಿಸುವುದು ಸುಮಾರು 8 ಲೀಟರ್ ಮಣ್ಣು. ಅಗಲ, ಎತ್ತರ ಎರಡನ್ನೂ ದುಪ್ಪಟ್ಟು ಮಾಡಿದರೆ ಗೋಡೆ ನಾಲ್ಕು ಪಟ್ಟಾಗುತ್ತದೆ, ಮಣ್ಣು ಎಂಟು ಪಟ್ಟಾಗುತ್ತದೆ. ಒಂದು ಲೀಟರ್ ಮಣ್ಣಿಗೆ ಬರುವ ಗೋಡೆ ಅರ್ಧಕ್ಕೆ ಇಳಿಯಿತು. ಹಾಗಾಗಿ ಮಣ್ಣಿನ ಕುಂಡ ಬೇಗ ಒಣಗುತ್ತದೆ ಅನ್ನುವ ಮಾತು 6 ಇಂಚಿನ ಕುಂಡಕ್ಕೆ ಪೂರ್ತಿ ನಿಜ, 18 ಇಂಚಿನದಕ್ಕೆ ಅಷ್ಟಾಗಿ ಅಲ್ಲ. ಬಿಸಿಲುನಾಡಿನಲ್ಲಿ ಪುಟಾಣಿ ಟೆರಾಕೋಟಾ ಕುಂಡದಲ್ಲಿ ಪುದೀನ ಬೆಳೆಸುವುದು ನನ್ನ ಪ್ರಕಾರ ಗಿಡಕ್ಕೂ ನಮಗೂ ಸುಮ್ನೆ ಶಿಕ್ಷೆ.

ಹಾಗಾದರೆ ಗೋಡೆಯಿಂದ ಹೋದ ನೀರೆಲ್ಲ ದಂಡವೇ? ಅಲ್ಲ. ಒಂದು ಲೀಟರ್ ನೀರು ಆವಿಯಾಗಲು ಬೇಕಾಗುವ ಶಾಖದಲ್ಲಿ 20 ಡಿಗ್ರಿಯ 7 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಆ ಶಾಖದ ಒಂದು ಪಾಲನ್ನು ನೀರು ಕುಂಡದಿಂದಲೇ ಎಳೆದುಕೊಳ್ಳುತ್ತದೆ. ಬೇರು ತಂಪಾಗಿರುತ್ತದೆ. ಗಾಳಿ ಒಣಗಿದಷ್ಟೂ ಈ ತಂಪು ಜಾಸ್ತಿ. 40 ಡಿಗ್ರಿ, ಶೇಕಡಾ 20 ತೇವಾಂಶದಲ್ಲಿ ನೆರಳಿನಲ್ಲಿರುವ ಒದ್ದೆ ಮೈ ಹೆಚ್ಚೆಂದರೆ 22 ಡಿಗ್ರಿಯ ಹತ್ತಿರದವರೆಗೆ ತಣಿಯಬಲ್ಲದು. ಕುಂಡ ಅಷ್ಟು ತಣ್ಣಗಾಗುವುದಿಲ್ಲ, ಬಿಸಿಲು ಬೀಳುತ್ತಿರುತ್ತದಲ್ಲ. ಆದರೂ ಸುತ್ತಲಿನ ಗಾಳಿಗಿಂತ ತಂಪಾಗಿರಲು ಅದಕ್ಕೆ ದಾರಿ ಇದೆ. ಮಂಗಳೂರಿನ ಜಿಗುಟು ಸೆಕೆಯಲ್ಲಿ ಈ ಲಾಭ ತೀರಾ ಕಡಿಮೆ. ಒಂದು ಷರತ್ತು: ಗೋಡೆಗೆ ನೀರು ಸಿಗುತ್ತಿರುವವರೆಗೆ ಮಾತ್ರ ತಂಪು. ಒಣಗಿದ ಮಣ್ಣಿನ ಕುಂಡ ಬಿಸಿಲಿನಲ್ಲಿ ಉಳಿದವುಗಳಂತೆಯೇ ಕಾಯುತ್ತದೆ.

ಪ್ಲಾಸ್ಟಿಕ್‌ನ ಕಥೆ ಇದಕ್ಕೆ ತಲೆಕೆಳಗು. ಗೋಡೆಯಿಂದ ಒಂದು ಹನಿಯೂ ಹೋಗುವುದಿಲ್ಲ. ತೇವ ಉಳಿಸುವುದೇ ಗುರಿಯಾದರೆ ಇದೇ ಗೆಲ್ಲುತ್ತದೆ. ಆದರೆ ತಣಿಸಿಕೊಳ್ಳುವ ದಾರಿ ಅದಕ್ಕಿಲ್ಲ. ನರ್ಸರಿಯಿಂದ ಬರುವ ತೆಳು ಕಪ್ಪು ಕುಂಡ ಪಶ್ಚಿಮದ ಬಿಸಿಲಿಗೆ ಕೂತರೆ, ಬಿಸಿಲು ಬಿದ್ದ ಬದಿಯ ಮಣ್ಣು ಗಾಳಿಗಿಂತಲೂ ಬಿಸಿಯಾಗುತ್ತದೆ. ಬಹಳಷ್ಟು ಗಿಡಗಳ ಬೇರು 40 ಡಿಗ್ರಿ ದಾಟಿದರೆ ನೀರು ಎಳೆಯುವುದರಲ್ಲಿ ಹಿಂದೆ ಬೀಳುತ್ತದೆ, ತುದಿಬೇರುಗಳು ಸಾಯಲು ಶುರುವಾಗುತ್ತವೆ.

ಇಲ್ಲೇ ಜನ ಮೋಸ ಹೋಗುವುದು. ಮಧ್ಯಾಹ್ನ ಎಲೆ ಜೋತು ಬೀಳುತ್ತದೆ. ನೀರು ಸಾಲಲಿಲ್ಲ ಅಂದುಕೊಂಡು ಇನ್ನೊಂದು ತಂಬಿಗೆ ಸುರಿಯುತ್ತಾರೆ. ಒಳಗೆ ಮಣ್ಣು ಮೊದಲೇ ಒದ್ದೆ, ಈಗ ಬಿಸಿ ಕೆಸರು. ಹೀಗೆ ನಾಲ್ಕು ದಿನ ನಡೆದರೆ ಬೇರು ಕೊಳೆಯುತ್ತದೆ. ಸುರಿಯುವ ಮೊದಲು ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ. ಒಳಗೆ ತೇವವಿದ್ದೂ ಎಲೆ ಬಾಡಿದ್ದರೆ ಅದು ಸೆಕೆಗೆ ಬಾಡಿದ್ದು, ಸಂಜೆಗೆ ತಾನೇ ಏಳುತ್ತದೆ. ಮರುದಿನ ಬೆಳಿಗ್ಗೆ ತಂಪಿನಲ್ಲೂ ಎಲೆ ಎದ್ದಿಲ್ಲ, ಮಣ್ಣೂ ಒದ್ದೆಯಿದೆ ಅಂದರೆ ಬೇರು ಹಾಳಾಗಿರುವ ಸಾಧ್ಯತೆಯೇ ಹೆಚ್ಚು. ಬಿಳಿ ಅಥವಾ ತಿಳಿ ಬಣ್ಣದ, ಸ್ವಲ್ಪ ದಪ್ಪ ಪ್ಲಾಸ್ಟಿಕ್ ತಂದರೆ ಈ ತೊಂದರೆ ಬಹಳ ತಗ್ಗುತ್ತದೆ. ಇರುವ ಕಪ್ಪು ಕುಂಡಗಳನ್ನು ಒತ್ತೊತ್ತಾಗಿ ಇಟ್ಟು, ಪಶ್ಚಿಮದ ಬದಿಗೆ ಒಂದು ಹಳೆ ಗೋಣಿಚೀಲ ಕಟ್ಟಿದರೂ ಸಾಕು.

ಪಿಂಗಾಣಿ ಕುಂಡ ಎರಡರ ನಡುವೆ ನಿಲ್ಲುತ್ತದೆ ಅಂತ ಹೇಳಿಬಿಡಬಹುದಿತ್ತು. ಆದರೆ ಅಂಗಡಿಯಲ್ಲಿ ಸೆರಾಮಿಕ್ ಅಂತ ಮಾರುವುದು ಎರಡು ಬಗೆಯದು. ಒಂದು, 1200 ಡಿಗ್ರಿಯಷ್ಟು ಶಾಖದಲ್ಲಿ ಸುಟ್ಟದ್ದು. ಅದರ ಮೈಯೇ ಕರಗಿ ಕೂಡಿಕೊಂಡಿರುತ್ತದೆ, ನೀರು ಹೀರುವುದು ತೀರಾ ಕಡಿಮೆ. ಇನ್ನೊಂದು, ಕಡಿಮೆ ಶಾಖದ ಮಣ್ಣಿನ ಕುಂಡಕ್ಕೇ ಹೊರಗೆ ಬಣ್ಣದ ಹೊಳಪು ಲೇಪ ಕೊಟ್ಟದ್ದು. ನೋಡಲು ಎರಡೂ ಒಂದೇ. ಕುಂಡ ಬೋರಲು ಹಾಕಿ, ತಳದಲ್ಲಿ ಲೇಪವಿಲ್ಲದ ಒರಟು ಜಾಗಕ್ಕೆ ಒಂದು ಹನಿ ನೀರು ಬಿಡಿ. ಹನಿ ಹಾಗೇ ನಿಂತರೆ ಮೊದಲ ಬಗೆ. ನೋಡುತ್ತಿದ್ದಂತೆ ಇಂಗಿದರೆ ಎರಡನೆಯದು.

ಎರಡನೆಯದೂ ತೇವವನ್ನು ಚೆನ್ನಾಗಿಯೇ ಹಿಡಿಯುತ್ತದೆ, ಲೇಪ ಗಾಜಿನಂಥದು, ನೀರು ಬಿಡುವುದಿಲ್ಲ. ಆದರೆ ಒಳಮೈಗೆ ಲೇಪವಿಲ್ಲದಿದ್ದರೆ ಗೋಡೆ ನೀರು ಕುಡಿಯುತ್ತದೆ, ಹೊರಗೆ ಬಿಡಲಾಗುವುದಿಲ್ಲ. ನೀರಿನ ಜೊತೆ ಬಂದ ಲವಣ ಲೇಪದ ಹಿಂದೆ ಕೂತು ಹರಳುಗಟ್ಟಿ, ಕೊನೆಗೆ ಲೇಪವನ್ನೇ ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ. ಪಿಂಗಾಣಿಯ ನಿಜವಾದ ಗುಣ ಅದರ ದಪ್ಪ. ತೆಳು ಪ್ಲಾಸ್ಟಿಕ್‌ಗಿಂತ ನಿಧಾನವಾಗಿ ಕಾಯುತ್ತದೆ, ಮಧ್ಯಾಹ್ನದ ಎರಡು ಮೂರು ತಾಸು ಅದರಿಂದ ದಾಟುತ್ತವೆ. ಗಾಢ ನೀಲಿ ಬಣ್ಣದ್ದಾದರೆ ಆ ಲಾಭವೂ ಕಡಿಮೆ. ಭಾರ ಮತ್ತು ಬೆಲೆಯ ಮಾತು ಬೇರೆ.

ಲವಣದ ಮಾತು ಬಂತಲ್ಲ, ಮಣ್ಣಿನ ಕುಂಡದ ಹೊರಗೆ ಕಾಣುವ ಬಿಳಿ ಪುಡಿಯೂ ಅದೇ. ಬೋರ್‌ವೆಲ್‌ನ ಗಡಸು ನೀರು ಗೋಡೆಯಿಂದ ಆವಿಯಾಗುವಾಗ ಲವಣವನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಬಿಳಿ ಎಲ್ಲಿ ದಟ್ಟವಾಗಿದೆಯೋ ಅಲ್ಲಿಂದ ನೀರು ಹೆಚ್ಚು ಹೋಗುತ್ತಿದೆ ಎಂದು ಓದಿಕೊಳ್ಳಬಹುದು. ಗಟ್ಟಿ ಬ್ರಷ್‌ನಿಂದ ಉಜ್ಜಿದರೆ ಮೇಲಿನದು ಹೋಗುತ್ತದೆ. ಕೆಮ್ಮಣ್ಣು ಬಳಿದರೆ ಪರವಾಗಿಲ್ಲ, ಅದು ತೇವ ತಡೆಯುವುದಿಲ್ಲ. ಎಣ್ಣೆ ಬಣ್ಣ ಬಳಿದರೆ ರಂಧ್ರ ಮುಚ್ಚುತ್ತದೆ. ತೇವ ಉಳಿಯುತ್ತದೆ, ತಂಪು ಹೋಗುತ್ತದೆ, ಬಣ್ಣ ಗುಳ್ಳೆ ಏಳುತ್ತದೆ.

ನಿಮ್ಮ ತಾರಸಿಯಲ್ಲಿ ಯಾವುದು ಎಷ್ಟು ಕಳೆದುಕೊಳ್ಳುತ್ತದೆ ಎಂದು ತಿಳಿಯಲು ತೂಕ ಮಾಡಿ ನೋಡುವುದೇ ನೆಟ್ಟಗಿನ ದಾರಿ. ಒಂದೇ ಅಳತೆಯ ಮಣ್ಣಿನ ಕುಂಡ, ಪ್ಲಾಸ್ಟಿಕ್ ಕುಂಡ ತೆಗೆದುಕೊಳ್ಳಿ. ಮಣ್ಣಿನದನ್ನು ಮೊದಲು ಗುಳ್ಳೆ ನಿಲ್ಲುವವರೆಗೆ ನೀರಿನಲ್ಲಿ ಮುಳುಗಿಸಿಡಿ, ಇಲ್ಲದಿದ್ದರೆ ಒಣ ಗೋಡೆಯೇ ಮೊದಲ ನೀರು ಕುಡಿಯುತ್ತದೆ. ಎರಡಕ್ಕೂ ಒಂದೇ ಮಣ್ಣು ತುಂಬಿ, ಗಿಡ ನೆಡದೆ, ತಳದಿಂದ ಹರಿಯುವಷ್ಟು ನೀರು ಹಾಕಿ. ಒಂದು ತಾಸು ಬಸಿಯಲು ಬಿಟ್ಟು ತೂಗಿ. ಮರುದಿನ ಅದೇ ಹೊತ್ತಿಗೆ ಮತ್ತೆ ತೂಗಿ. 9 ಕೆ.ಜಿ. 400 ಗ್ರಾಂ ಇದ್ದದ್ದು 8 ಕೆ.ಜಿ. 700 ಗ್ರಾಂ ಆಗಿದ್ದರೆ 700 ಮಿ.ಲೀ. ನೀರು ಹೋಗಿದೆ ಎಂದರ್ಥ. ಎರಡು ಕುಂಡಗಳ ನಡುವಿನ ವ್ಯತ್ಯಾಸವೇ ಗೋಡೆಯ ಪಾಲು. ಆಮೇಲೆ ದೊಡ್ಡ ಟೊಮೆಟೊ ಗಿಡವಿರುವ ಕುಂಡಗಳನ್ನು ಹೀಗೇ ತೂಗಿದರೆ ಆ ವ್ಯತ್ಯಾಸ ಒಟ್ಟು ನಷ್ಟದ ಸಣ್ಣ ಭಾಗವಾಗಿ ಕಾಣುತ್ತದೆ. ಎಲೆ ತುಂಬಿದ ಗಿಡವೇ ಹೆಚ್ಚಿನ ನೀರು ಕುಡಿದು ಗಾಳಿಗೆ ಬಿಡುತ್ತದೆ. ಕುಂಡ ಬದಲಿಸಿದರೂ ದಿನಾ ನೀರು ಹಾಕುವುದು ತಪ್ಪಲಿಲ್ಲ ಎಂಬ ದೂರಿಗೆ ಕಾರಣ ಇದು.

ಈ ತೂಕ ಇನ್ನೊಂದು ಮೋಸವನ್ನೂ ಹಿಡಿದುಕೊಡುತ್ತದೆ. ಕೋಕೋಪೀಟ್ ಹೆಚ್ಚಿರುವ ಮಣ್ಣು ಪೂರ್ತಿ ಒಣಗಿದರೆ ಕುಗ್ಗಿ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ, ನೀರನ್ನೂ ಬೇಗ ಹೀರುವುದಿಲ್ಲ. ಹಾಕಿದ ನೀರು ಆ ಸಂದಿಯಲ್ಲಿ ಇಳಿದು ತಳದಿಂದ ಹೊರಬರುತ್ತದೆ. ನೋಡಿದವರಿಗೆ ಕುಂಡ ತುಂಬಿತು ಅನಿಸುತ್ತದೆ, ಎತ್ತಿದರೆ ಹಗುರ. ಆಗ ಕುಂಡವನ್ನು ನೀರಿನ ಬುಟ್ಟಿಯಲ್ಲಿ ಅರ್ಧ ತಾಸು ಇಟ್ಟು ಕೆಳಗಿನಿಂದ ಹೀರಲು ಬಿಡಬೇಕು.

ಆಯ್ಕೆ ಮಾಡಲೇಬೇಕು ಅಂದರೆ, ಬಿಸಿಲುನಾಡಿನಲ್ಲಿ ಕೊತ್ತಂಬರಿ, ಪುದೀನ, ಮೆಂತ್ಯಕ್ಕೆ ನಾನು ತಿಳಿ ಬಣ್ಣದ ಪ್ಲಾಸ್ಟಿಕ್ ಕೊಡುತ್ತೇನೆ. ಮಲ್ಲಿಗೆ, ದಾಸವಾಳಕ್ಕೆ 16 ಇಂಚಿಗಿಂತ ಕಡಿಮೆಯಿಲ್ಲದ ಮಣ್ಣಿನ ಕುಂಡ. ಲೋಳೆಸರದಂಥ ಗಿಡಗಳಿಗೆ ಸಣ್ಣ ಮಣ್ಣಿನ ಕುಂಡವೇ ಸರಿ, ಬೇಗ ಒಣಗುವುದೇ ಅವಕ್ಕೆ ಬೇಕು. ಎರಡರ ಲಾಭವೂ ಬೇಕಾದರೆ ಪ್ಲಾಸ್ಟಿಕ್ ಕುಂಡವನ್ನು ಅದಕ್ಕಿಂತ ಮೂರು ನಾಲ್ಕು ಇಂಚು ದೊಡ್ಡದಾದ ಮಣ್ಣಿನ ಕುಂಡದೊಳಗೆ ಇಳಿಸಿ, ಸಂದಿಗೆ ಮರಳು ತುಂಬಿ ಒದ್ದೆ ಮಾಡಿಡಿ. ಹೊರಗಿನ ಗೋಡೆ ಮರಳಿನ ನೀರನ್ನು ಆವಿ ಮಾಡಿ ತಣಿಸುತ್ತದೆ, ಗಿಡದ ನೀರು ಒಳಗೇ ಉಳಿಯುತ್ತದೆ. ಎರಡು ಕುಂಡಗಳ ತಳದಲ್ಲೂ ತೂತು ಇರಲಿ. ಮಳೆ ಹಿಡಿದ ಮೇಲೆ ಒಳಕುಂಡವನ್ನು ತೆಗೆದು ಬೇರೆ ಇಡಿ, ಒದ್ದೆ ಮರಳು ತಳದ ತೂತನ್ನು ಕಟ್ಟಿಹಾಕುತ್ತದೆ.