ಎಂಟರಲ್ಲಿ ಆರು ಮಕ್ಕಳು ‘ಟೆನ್ಷನ್’ ಅಂದರೆ ಶೇ. 75 ಎಂದು ಬರೆಯಬಹುದೇ?

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಹೈಸ್ಕೂಲು ಹುಡುಗರ ಜೊತೆ ಮಾನಸಿಕ ಆರೋಗ್ಯದ ಬಗ್ಗೆ ಎಫ್‌ಜಿಡಿ, ಅಂದರೆ ಗುಂಪು ಚರ್ಚೆ, ಮಾಡಿದ್ದೇವೆ. ಒಂದು ಗುಂಪಿನಲ್ಲಿ ಎಂಟರಲ್ಲಿ ಆರು ಜನ ‘ಟೆನ್ಷನ್ ಇದೆ’ ಎಂದರು. ಪ್ರಬಂಧದಲ್ಲಿ ಶೇ. 75 ಎಂದು ಹಾಕಬಹುದೇ?

ಹಾಕಬಾರದು. ಎಷ್ಟು ಸಲ ಹೇಳಿದರೂ ಇದೇ ಪ್ರಶ್ನೆ ಮತ್ತೆ ಬರುತ್ತದೆ. ಗುಂಪು ಚರ್ಚೆಯೆಂದರೆ ಎಂಟು ಸಂದರ್ಶನಗಳನ್ನು ಒಂದೇ ಗಂಟೆಯಲ್ಲಿ ಮುಗಿಸುವ ದಾರಿ ಎಂಬ ನಂಬಿಕೆ ಬಲವಾಗಿ ಬೇರೂರಿರುವುದೇ ಇದಕ್ಕೆ ಕಾರಣ. ಹಾಗಾಗಿ ಈ ಸಲ ಬಿಡಿಸಿಯೇ ಹೇಳುತ್ತೇನೆ.

ಆ ಎಂಟು ಹುಡುಗರನ್ನು ನೀವು ಚೀಟಿ ಎತ್ತಿ ಆರಿಸಿಲ್ಲ, ಬೇಕೆಂದೇ ಆರಿಸಿದ್ದೀರಿ. ಅವರು ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿಸಿಕೊಂಡು ಉತ್ತರಿಸಿದ್ದಾರೆ. ಮೊದಲನೆಯವನು ‘ಟೆನ್ಷನ್’ ಎಂದ ಮೇಲೆ ಮೂರನೆಯವನಿಗೆ ಅದೇ ಪದ ಕೈಗೆ ಸಿಗುತ್ತದೆ. ಸುಮ್ಮನಿದ್ದ ಇಬ್ಬರು ‘ಇಲ್ಲ’ ಎಂದವರೂ ಅಲ್ಲ. ಹೆಚ್ಚು ಹೇಳಿಕೊಳ್ಳಲು ಇದ್ದವರು ಅವರೇ ಆಗಿರಬಹುದು. ಇಷ್ಟಾದ ಮೇಲೆ ಶೇ. 75 ಯಾವುದರ ಅಳತೆ?

ಎಣಿಕೆಯಲ್ಲಿ ಏನು ಕಳೆದುಹೋಗುತ್ತದೆಂದು ನೋಡಲು, ಮಾತು ಹೀಗೆ ನಡೆಯಿತು ಎಂದುಕೊಳ್ಳಿ. ‘ಹಾಸ್ಟೆಲಿನ ಒಬ್ಬ ಹುಡುಗ ಒಂದು ತಿಂಗಳಿಂದ ಸರಿಯಾಗಿ ಊಟ ಮಾಡ್ತಿಲ್ಲ, ಯಾರ ಹತ್ರಾನೂ ಮಾತಾಡ್ತಿಲ್ಲ’ ಎಂಬ ಸಣ್ಣ ಕಥೆಯನ್ನು ಅವರ ಮುಂದಿಟ್ಟಿದ್ದೀರಿ. ಹು1, ಹು3 ಎಂಬವು ಹುಡುಗರ ಗುರುತು.

ಹು3: ಟೆನ್ಷನ್ ಇರ್ಬೇಕು. ಪ್ರಿಪರೇಟರಿ ಹತ್ರ ಬಂತಲ್ಲ.
ಹು1: ಟೆನ್ಷನ್ ಎಲ್ರಿಗೂ ಇರತ್ತೆ. ಇದು ಅದಲ್ಲ.
ಹು5: ಬೇರೆ ಏನಾದ್ರೂ ಅಂದ್ರೆ ಹುಚ್ಚು ಅಂತಾರೆ. (ನಗು)
ಹು3: ಹ್ಞೂಂ, ಅದ್ಕೇ ಟೆನ್ಷನ್ ಅನ್ನೋದು.

ಪದ ಎಣಿಸಿದರೆ ‘ಟೆನ್ಷನ್’ ಮೂರು ಸಲ ಬಂತು, ಅಷ್ಟೆ. ಮಾತಿನ ಸರಣಿಯನ್ನು ಓದಿದರೆ ಬೇರೆಯೇ ಸಿಗುತ್ತದೆ. ಹು1 ತಡೆದ, ಹು5 ಭಯವನ್ನು ಹೊರಗಿಟ್ಟ, ಆಮೇಲೆ ಹು3 ತನ್ನ ಮೊದಲ ಮಾತಿನ ಅರ್ಥವನ್ನು ತಾನೇ ಬಿಚ್ಚಿಟ್ಟ. ಹುಚ್ಚು ಎನಿಸಿಕೊಳ್ಳದೆ ಸಂಕಟ ಹೇಳಿಕೊಳ್ಳಲು ಟೆನ್ಷನ್ ಒಂದು ಮರೆ. ಪ್ರಬಂಧಕ್ಕೆ ಬೇಕಾದ ಅಂಶ ಇದೇ. ಇದು ಒಬ್ಬನ ಸಂದರ್ಶನದಲ್ಲಿ ಇಷ್ಟು ಸುಲಭವಾಗಿ ಹೊರಬರುವುದಿಲ್ಲ.

ಆದ್ದರಿಂದ ಕೋಡ್ ಹಾಕುವಾಗ, ಅಂದರೆ ಮಾತಿನ ತುಂಡುಗಳಿಗೆ ಅವುಗಳ ಅರ್ಥ ಸೂಚಿಸುವ ಹೆಸರು ಕೊಡುವಾಗ, ಸಾಲುಗಳನ್ನು ಬಿಡಿಬಿಡಿಯಾಗಿ ಕತ್ತರಿಸಬೇಡಿ, ಈ ನಾಲ್ಕೂ ಸಾಲು ಒಂದೇ ತುಂಡಾಗಿರಲಿ. ನಗು, ಮೌನ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡಿದ್ದು ಟೇಪಿನ ಮಾತನ್ನು ಬರಹಕ್ಕಿಳಿಸಿದಾಗ ಬರಲೇಬೇಕು. ಕನ್ನಡದಲ್ಲೇ ಕೋಡ್ ಮಾಡಿ, ಪ್ರಬಂಧಕ್ಕೆ ಆರಿಸಿದ ಭಾಗವನ್ನು ಮಾತ್ರ ಕೊನೆಗೆ ಇಂಗ್ಲಿಷಿಗೆ ತನ್ನಿ. ಮೊದಲೇ ಅನುವಾದಿಸಿದರೆ ಬೇಜಾರು, ಬೇಸರ, ಟೆನ್ಷನ್ ಮೂರೂ ಒಂದೇ ಇಂಗ್ಲಿಷ್ ಪದದಲ್ಲಿ ಕರಗಿಹೋಗುತ್ತವೆ. ಸಂಖ್ಯೆ ಕೊಡಲೇಬೇಕೆಂದರೆ ಗುಂಪುಗಳ ಲೆಕ್ಕ ಕೊಡಿ: ‘ಆರು ಗುಂಪುಗಳ ಪೈಕಿ ಐದರಲ್ಲಿ ಈ ಮಾತು ನಾವು ಕೇಳದೆಯೇ ಬಂತು.’

ತಪ್ಪು ಶುರುವಾಗುವುದು ಮಾತ್ರ ಚರ್ಚೆಯ ದಿನವೇ. ಸಾಲಾಗಿ ‘ನಿನಗೆ? ನಿನಗೆ?’ ಎಂದು ಕೇಳುತ್ತ ಹೋದರೆ ಸಿಗುವುದು ಹಾಜರಿ. ಟೇಪಿನಲ್ಲಿ ಪ್ರತಿ ಮಗುವಿನ ಮಾತಿನ ನಂತರ ನಿಮ್ಮದೇ ದನಿ ಕೇಳಿಸುತ್ತಿದ್ದರೆ ಚರ್ಚೆ ನಡೆದಿಲ್ಲ ಎಂದೇ ತಿಳಿಯಿರಿ. ಒಂದು ಗುಂಪಿಗೆ ಆರರಿಂದ ಎಂಟು ಮಕ್ಕಳು ಸಾಕು. ಹುಡುಗರು, ಹುಡುಗಿಯರು ಬೇರೆ ಬೇರೆ ಇರಲಿ, ಎಂಟನೇ ಕ್ಲಾಸಿನವರನ್ನು ಪಿಯುಸಿಯವರ ಜೊತೆ ಕೂರಿಸಬೇಡಿ. ಮೇಷ್ಟ್ರು, ವಾರ್ಡನ್ ಕೋಣೆಯಲ್ಲೂ ಬೇಡ, ಕಿಟಕಿಯಾಚೆಯೂ ಬೇಡ. ಒಂದು ಗಂಟೆ, ಹೆಚ್ಚೆಂದರೆ ಒಂದೂಕಾಲು ಗಂಟೆ. ಸಂಜೆಯ ಬಸ್ಸು ಹತ್ತಿರವಾದರೆ ಹಳ್ಳಿ ಮಕ್ಕಳ ಗಮನ ಗಡಿಯಾರದ ಮೇಲಿರುತ್ತದೆ. ನಮ್ಮ ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡಿನ ಮಾಡಿನ ಕೋಣೆ ತಪ್ಪಿಸಿ. ಮಳೆ ಹಿಡಿದರೆ ಟೇಪಿನಲ್ಲಿ ಮಳೆಯೇ ಉಳಿಯುತ್ತದೆ. ಎರಡು ರೆಕಾರ್ಡರ್ ಇಡಿ. ಪಕ್ಕದಲ್ಲಿ ಕೂತ ನಿಮ್ಮ ಸಹಾಯಕರು, ಯಾರು ಎಲ್ಲಿ ಕುಳಿತಿದ್ದಾರೆಂದು ನಕ್ಷೆ ಬರೆದು, ಪ್ರತಿ ಮಾತಿನ ಮೊದಲ ಎರಡು ಪದಗಳನ್ನು ಗುರುತಿಸಿಕೊಳ್ಳಲಿ. ಅದಿಲ್ಲದೆ ಆಮೇಲೆ ಹು3 ಯಾರು, ಹು5 ಯಾರು ಎಂದು ಗೊತ್ತಾಗದು.

ಸುಮ್ಮನಿದ್ದ ಆ ಇಬ್ಬರ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳಬೇಕು. ಹೆಸರು ಹಿಡಿದು ಅವರನ್ನು ಮಾತಿಗೆಳೆಯಬೇಡಿ. ಕಥೆಯ ಹುಡುಗನ ಬಗ್ಗೆ ಮಾತು ಸಾಗುವಾಗ ಒಬ್ಬ ಇದ್ದಕ್ಕಿದ್ದಂತೆ ‘ನಂಗೂ ಹಾಗೇ ಆಗಿತ್ತು’ ಎಂದರೆ ಕೆದಕಬೇಡಿ. ‘ಹೇಳಿದ್ದು ಒಳ್ಳೇದಾಯ್ತು, ಆಮೇಲೆ ನಾವಿಬ್ರೇ ಮಾತಾಡೋಣ’ ಎಂದು ಮಾತನ್ನು ಮತ್ತೆ ಕಥೆಗೆ ತನ್ನಿ. ‘ಇಲ್ಲಿ ಆಡಿದ್ದು ಹೊರಗೆ ಹೋಗಲ್ಲ’ ಎಂಬ ಮಾತು ಕೊಡುವ ಹಕ್ಕು ನಿಮಗಿಲ್ಲ, ಪಕ್ಕದ ಹುಡುಗನ ಬಾಯಿ ನಿಮ್ಮ ಕೈಲಿಲ್ಲ. ಪೋಷಕರ ಒಪ್ಪಿಗೆ, ಮಕ್ಕಳ ಸಮ್ಮತಿ ಪಡೆಯುವಾಗಲೇ ಇದನ್ನು ಹೇಳಿ. ಯಾರದಾದರೂ ಜೀವಕ್ಕೆ ಅಪಾಯ ಕಂಡರೆ ಗುಟ್ಟು ಉಳಿಯುವುದಿಲ್ಲವೆಂದೂ, ಲೈಂಗಿಕ ದೌರ್ಜನ್ಯದ ವಿಷಯ ಬಂದರೆ 2012ರ ಪೋಕ್ಸೋ ಕಾಯ್ದೆಯಡಿ ತಿಳಿಸಲೇಬೇಕೆಂದೂ ಹೇಳಿ. ಆಪ್ತಸಮಾಲೋಚಕರು ಆ ದಿನ ಅದೇ ಆವರಣದಲ್ಲಿರಲಿ. ಮನೆಗೆ ಹೋಗುವ ಪ್ರತಿ ಮಗುವಿನ ಕೈಲೂ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416 ಬರೆದ ಚೀಟಿ ಇರಲಿ. ಎಲ್ಲರಿಗೂ ಕೊಟ್ಟರೆ ಯಾರಿಗೆ ಬೇಕಿತ್ತೆಂಬುದು ಯಾರಿಗೂ ತಿಳಿಯುವುದಿಲ್ಲ.