ಒಂಬತ್ತಿದ್ದದ್ದು ಹದಿನಾರಾದರೆ ಏನರ್ಥ?

ನಮ್ಮ ಅತ್ತಿಗೆ ಧಾರವಾಡದಲ್ಲಿ ಕಸೂತಿ ಹಾಕುತ್ತಾರೆ. ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ಸಣ್ಣ ಅಕೌಂಟ್ ಇದೆ, 412 ಫಾಲೋವರ್ಸ್. ಇಷ್ಟು ದಿನ ಮುಗಿದ ಸೀರೆಯ ಫೋಟೋ ಮಾತ್ರ ಹಾಕುತ್ತಿದ್ದರು. ಕಳೆದ ತಿಂಗಳು ಮೊದಲ ಸಲ ಗವಂತಿ ಹೊಲಿಗೆ ಹಾಕುವ ಕೈಯನ್ನೇ ಹತ್ತಿರದಿಂದ ತೋರಿಸುವ ರೀಲ್ ಹಾಕಿದರು. ಅದರ ಹಿಂದಿನ ವಾರ ಹೊಸದಾಗಿ ಬಂದವರು 9 ಜನ. ರೀಲ್ ಹಾಕಿದ ವಾರ 16.

"78 ಪರ್ಸೆಂಟ್ ಜಾಸ್ತಿ ಆಗೇದ ನೋಡಪಾ" ಅಂದರು ಫೋನಿನಲ್ಲಿ. ಇನ್ನು ಮೇಲೆ ಬರೀ ರೀಲ್ ಅಂತ ತೀರ್ಮಾನವೂ ಆಗಿತ್ತು. ಲೆಕ್ಕ ತಪ್ಪಿಲ್ಲ, ಆದರೆ ತೀರ್ಮಾನಕ್ಕೆ ಅವಸರವಾಯಿತು ಅನಿಸಿತು ನನಗೆ.

ಸುಮ್ನೆ ಯೋಚಿಸಿ. ಏನೂ ಬದಲಾಯಿಸದೆ ಇದ್ದರೂ ಪ್ರತಿ ವಾರ ಸರಿಯಾಗಿ 9 ಜನವೇ ಬರುತ್ತಾರಾ? ಇಲ್ಲ. ಒಂದು ವಾರ 5, ಇನ್ನೊಂದು ವಾರ 13. ಯಾರೋ ರಾತ್ರಿ ನಿದ್ದೆ ಬಾರದೆ ಸ್ಕ್ರೋಲ್ ಮಾಡಿದರು, ಯಾರದೋ ಚಾರ್ಜ್ ಮುಗಿಯಿತು, ಅಷ್ಟೇ. ಹಾಗಾಗಿ ಏರಿತಾ ಅಂತ ಕೇಳುವ ಮೊದಲು, ಕಾರಣವೇ ಇಲ್ಲದೆ ಎಷ್ಟು ಏರಿಳಿಯುತ್ತದೆ ಅಂತ ಗೊತ್ತಿರಬೇಕು.

ಇದಕ್ಕೆ ಹಳೆಯದೊಂದು ಲೆಕ್ಕವಿದೆ. 1898ರಲ್ಲಿ ಬೋರ್ಟ್‌ಕೆವಿಚ್ ಎಂಬ ಸಂಖ್ಯಾಶಾಸ್ತ್ರಜ್ಞ ಪ್ರಷ್ಯಾದ ಸೈನ್ಯದಲ್ಲಿ ಕುದುರೆ ಒದ್ದು ಸತ್ತವರ ಅಂಕಿಗಳನ್ನು ಪ್ರಕಟಿಸಿದ. ಅದರಲ್ಲಿ 10 ಪಡೆಗಳ 20 ವರ್ಷದ ದಾಖಲೆ ನೋಡಿದರೆ ಒಟ್ಟು 122 ಸಾವು. ಪಡೆಗೊಂದು ವರ್ಷ ಅಂತ ಎಣಿಸಿದರೆ 200 ಪಡೆ-ವರ್ಷ. ಅವುಗಳಲ್ಲಿ 109ರಲ್ಲಿ ಯಾರೂ ಸಾಯಲಿಲ್ಲ, ಒಂದರಲ್ಲಿ ಮಾತ್ರ ನಾಲ್ವರು ಸತ್ತರು. ಆ ನಾಲ್ವರ ವರ್ಷ ನೋಡಿದ ಯಾರಾದರೂ ಅಲ್ಲಿನ ಕುದುರೆಗಳನ್ನೋ ಅಧಿಕಾರಿಯನ್ನೋ ಬೈದಿರುತ್ತಾರೆ. ಆದರೆ ಸುಮ್ಮನೆ ಅದೃಷ್ಟಕ್ಕೆ ಬಿಟ್ಟರೂ ಅಂಕಿಗಳು ಹೆಚ್ಚುಕಡಿಮೆ ಹೀಗೇ ಹರಡುತ್ತವೆ ಎಂದು ಪಾಯಿಸನ್ ಸೂತ್ರ ಹೇಳುತ್ತದೆ. ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಆಗೊಮ್ಮೆ ಈಗೊಮ್ಮೆ ನಡೆಯುವ ಘಟನೆಗಳ ಸ್ವಭಾವವೇ ಅದು. ಹೊಸ ಫಾಲೋವರ್ ಬರುವುದೂ ಅಂಥದ್ದೇ.

ಅಂಥ ಎಣಿಕೆಯ ಏರಿಳಿತ ಅದರ ವರ್ಗಮೂಲದಷ್ಟಿರುತ್ತದೆ. ಇದರಿಂದ ಬಾಯಿಲೆಕ್ಕಕ್ಕೆ ಸಿಗುವ ಒಂದು ಉಪಾಯವಿದೆ. ವರ್ಗಮೂಲ ತೆಗೆಯಿರಿ. ಅದರಿಂದ ಒಂದು ಕಳೆದು ವರ್ಗ ಮಾಡಿ, ಒಂದು ಕೂಡಿಸಿ ವರ್ಗ ಮಾಡಿ. 9ರ ವರ್ಗಮೂಲ 3. ಒಂದು ಕಳೆದರೆ 2, ಅದರ ವರ್ಗ 4. ಒಂದು ಕೂಡಿಸಿದರೆ 4, ಅದರ ವರ್ಗ 16. ಅಂದರೆ ಒಂದು ವಾರ 9 ಬಂದಿದ್ದರೆ, ಅಕೌಂಟಿಗೆ ಹೊಸಬರು ಬರುವ ನಿಜವಾದ ವೇಗ ವಾರಕ್ಕೆ 4ರಿಂದ 16ರ ನಡುವೆ ಎಲ್ಲೋ ಇದೆ. ಇದೇ ಕಾನ್ಫಿಡೆನ್ಸ್ ರೇಂಜ್. ಹೀಗೆ ನೂರು ಸಲ ರೇಂಜ್ ಹಾಕಿದರೆ ಸುಮಾರು 95 ಸಲ ನಿಜವಾದ ವೇಗ ಅದರೊಳಗೆ ಇರುತ್ತದೆ. 16ಕ್ಕೆ ಹಾಕಿದರೆ 9ರಿಂದ 25.

ಗಮನಿಸಿದಿರಾ, ಈ ಲೆಕ್ಕದಲ್ಲಿ 412 ಎಲ್ಲೂ ಬರಲೇ ಇಲ್ಲ. ಒಟ್ಟು ಫಾಲೋವರ್ಸ್ ಎಷ್ಟಿದ್ದರೂ ಏರಿಳಿತವನ್ನು ನಿರ್ಧರಿಸುವುದು ಆ ವಾರ ನಡೆದ ಘಟನೆಗಳ ಎಣಿಕೆ.

ಈಗ ಎರಡು ವಾರಗಳನ್ನು ಹೋಲಿಸೋಣ. ಎರಡೂ ಎಣಿಕೆ ಕೂಡಿಸಿ ವರ್ಗಮೂಲ ತೆಗೆದು, ಎರಡರಿಂದ ಗುಣಿಸಿ. 9 ಮತ್ತು 16 ಸೇರಿ 25, ವರ್ಗಮೂಲ 5, ಎರಡು ಪಟ್ಟು 10. ವ್ಯತ್ಯಾಸ ಹತ್ತನ್ನು ದಾಟಿದರೆ ಮಾತ್ರ ತಲೆಕೆಡಿಸಿಕೊಳ್ಳಬೇಕು. ಅತ್ತಿಗೆಯ ವ್ಯತ್ಯಾಸ 7. ಆ 78 ಪರ್ಸೆಂಟ್ ಸುಮ್ಮನೆ ಬಂದಿದ್ದೂ ಇರಬಹುದು.

ಬಿಟ್ಟುಹೋದವರನ್ನೂ ಮರೆಯಬಾರದು. ಈ ವಾರ 16 ಬಂದು 5 ಹೋದರು, ಉಳಿದದ್ದು 11. ಹಿಂದಿನ ವಾರ 9 ಬಂದು 4 ಹೋದರು, ಉಳಿದದ್ದು 5. "ಎರಡು ಪಟ್ಟು ಜಾಸ್ತಿ" ಅನ್ನಬಹುದು, ಇನ್ನೂ ಖುಷಿ. ಆದರೆ ಕಳೆದ ಮೇಲೆ ಅಂಕಿ ಸಣ್ಣದಾಗುತ್ತದೆ, ಏರಿಳಿತ ಸಣ್ಣದಾಗುವುದಿಲ್ಲ. ಹೋದವರೂ ತಮ್ಮ ಪಾಲಿನ ಅದೃಷ್ಟವನ್ನು ತಂದು ಸೇರಿಸುತ್ತಾರೆ. ವರ್ಗಮೂಲ ತೆಗೆಯಬೇಕಾದದ್ದು 9, 4, 16, 5 ಎಲ್ಲ ಸೇರಿದ 34ಕ್ಕೆ. ಅದು ಸುಮಾರು 6, ಎರಡು ಪಟ್ಟು 12. ವ್ಯತ್ಯಾಸ ಬರೀ 6. ಪ್ರೊಫೈಲಿನ ಮೇಲೆ ಕಾಣುವ ಒಟ್ಟು ಅಂಕಿಯನ್ನು ಮಾತ್ರ ನೋಡುವವರು ಎಡವುವುದು ಇಲ್ಲೇ.

ಇಷ್ಟು ಹೇಳಿದ ಮೇಲೆ ಅತ್ತಿಗೆ ಆ 16 ಜನರ ಪಟ್ಟಿ ತೆಗೆದು ಒಂದೊಂದೇ ಹೆಸರು ಓದಿದರು. ಅವರಲ್ಲಿ 7 ಜನ ಒಂದೇ ಕಾಲೇಜಿನ ಒಂದೇ ಬ್ಯಾಚಿನವರು! ಯಾರೋ ಒಬ್ಬಳು ರೀಲನ್ನು ತನ್ನ ವಾಟ್ಸಾಪ್ ಗ್ರೂಪಿಗೆ ಕಳಿಸಿದ್ದಳು.

ಇಲ್ಲಿ ಲೆಕ್ಕ ಬದಲಾಗುತ್ತದೆ. ವರ್ಗಮೂಲದ ಉಪಾಯ ನಡೆಯುವುದು ಒಬ್ಬೊಬ್ಬರೂ ತಮ್ಮಷ್ಟಕ್ಕೆ ಬಂದಾಗ. ಈ ಏಳು ಜನ ಏಳು ಘಟನೆಗಳಲ್ಲ, ಒಂದೇ ದೊಡ್ಡ ಘಟನೆ. ಆಕೆ ಅವತ್ತು ಫಾರ್ವರ್ಡ್ ಮಾಡದಿದ್ದರೆ ಏಳೂ ಇಲ್ಲ. ಗುಂಪಾಗಿ ಬಂದವರಿಗೆ ಗುಂಪಿನ ಗಾತ್ರದ ವರ್ಗವನ್ನು ಸೇರಿಸಬೇಕು. ಒಂಟಿಯಾಗಿ ಬಂದ 9 ಜನರಿಗೆ 9, ಏಳರ ಗುಂಪಿಗೆ 49, ಒಟ್ಟು 58. ವರ್ಗಮೂಲ ಏಳೂವರೆ ಚಿಲ್ಲರೆ, ಎರಡು ಪಟ್ಟು 15. ಅಂದರೆ ಈ ವಾರದ ವೇಗ 16, ಆಚೆ ಈಚೆ 15. ಒಂದರಿಂದ ಮೂವತ್ತೊಂದರವರೆಗೆ ಏನು ಬೇಕಾದರೂ ಆಗಿರಬಹುದು ಅಂದ ಹಾಗೆ. ಇಂಥ ರೇಂಜ್ ಇಟ್ಟುಕೊಂಡು ಯಾವ ತೀರ್ಮಾನಕ್ಕೂ ಬರಲಾಗುವುದಿಲ್ಲ, ಅಲ್ವಾ?

ಪಟ್ಟಿ ನೋಡಲು ಪುರುಸೊತ್ತಿಲ್ಲದಿದ್ದರೆ ಹಿಂದಿನ ಏಳೆಂಟು ವಾರದ ಅಂಕಿ ಬರೆದು ನೋಡಿ. ಸರಾಸರಿ 9 ಇದ್ದರೆ ಹೆಚ್ಚಿನ ವಾರಗಳು 3ರಿಂದ 15ರೊಳಗೆ ಬೀಳಬೇಕು. 2, 21, 4, 0, 18 ಅಂತ ಕುಣಿಯುತ್ತಿದ್ದರೆ ಜನ ಗುಂಪುಗುಂಪಾಗಿ ಬರುತ್ತಿದ್ದಾರೆ. ಆಗ ನಿಮ್ಮ ರೇಂಜನ್ನು ಇನ್ನೂ ಅಗಲ ಮಾಡಿಕೊಳ್ಳಬೇಕು.

ಮುಂದಿನ ಮೂರು ವಾರವೂ ಅತ್ತಿಗೆ ರೀಲ್ ಹಾಕಿದರು. 11, 12, 10. ಮೊದಲಿನ 16 ಸೇರಿ ನಾಲ್ಕು ವಾರಕ್ಕೆ 49. ಅದಕ್ಕೂ ಹಿಂದಿನ ನಾಲ್ಕು ವಾರಕ್ಕೆ 36. ವ್ಯತ್ಯಾಸ 13. ಕೂಡಿಸಿದರೆ 85, ವರ್ಗಮೂಲ ಒಂಬತ್ತಕ್ಕಿಂತ ತುಸು ಜಾಸ್ತಿ, ಎರಡು ಪಟ್ಟು 18. ಆ ಕಾಲೇಜಿನ ಗುಂಪನ್ನು ಬಿಡಿಬಿಡಿಯಾಗಿ ಎಣಿಸಿದರೂ ದಾಟಲಿಲ್ಲ.

ಹಾಗಂತ ರೀಲ್ ಕೆಲಸ ಮಾಡಲಿಲ್ಲ ಅನ್ನುವುದೂ ತಪ್ಪು. 13, ಆಚೆ ಈಚೆ 18 ಅಂದರೆ ನಾಲ್ಕು ವಾರದಲ್ಲಿ 5 ಜನರ ನಷ್ಟದಿಂದ 31 ಜನರ ಲಾಭದವರೆಗೆ. ಅಲ್ಲಿ ಒಳ್ಳೆಯ ಲಾಭಕ್ಕೂ ಜಾಗವಿದೆ. ಇಷ್ಟು ಅಂಕಿಗಳಿಂದ ಗೊತ್ತಾಗುವುದಿಲ್ಲ ಅನ್ನುವುದೊಂದೇ ಸರಿಯಾದ ಉತ್ತರ.

ಹಾಗಾದರೆ ಎಷ್ಟು ದಿನ ಕಾಯಬೇಕು? ರೀಲ್‌ನಿಂದ ವೇಗ ನಿಜವಾಗಿಯೂ 9ರಿಂದ 18ಕ್ಕೆ ಏರಿದ್ದರೆ, ಅತ್ತ ಎರಡು ವಾರ ಇತ್ತ ಎರಡು ವಾರ ಸಾಕು. ಆದರೆ 9ರಿಂದ 12ಕ್ಕೆ ಮಾತ್ರ ಏರಿದ್ದರೆ ಎರಡೂ ಕಡೆ ಹತ್ತತ್ತು ವಾರ ಬೇಕು. ಆಗಲೂ ಅದು ಕಣ್ಣಿಗೆ ಬೀಳುವ ಸಾಧ್ಯತೆ ಸುಮಾರು ಅರ್ಧಕ್ಕರ್ಧ. ಸಣ್ಣ ಅಕೌಂಟಿನ ಕಷ್ಟ ಇದೇ. ಸಣ್ಣ ಸುಧಾರಣೆ ಆಗಿದ್ದರೂ ಅದು ಕಾಣುವ ಹೊತ್ತಿಗೆ ಬೇರೆ ಏನೇನೋ ಬದಲಾಗಿರುತ್ತದೆ.

"ಹತ್ತು ವಾರಂದ್ರ ದಸರಾ ಬಂದೇ ಬಿಡ್ತದ. ಆವಾಗ ಸೀರಿ ಹುಡುಕವ್ರು ಹೆಂಗೂ ಜಾಸ್ತಿ" ಅಂದರು ಅತ್ತಿಗೆ. ಸರಿಯಾದ ಮಾತು. ಹಬ್ಬದಿಂದ ಬಂದವರನ್ನು ರೀಲ್‌ನ ಲೆಕ್ಕಕ್ಕೆ ಬರೆದರೆ ಯಾವ ವರ್ಗಮೂಲವೂ ಅದನ್ನು ಹಿಡಿಯುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಕೇಳಿದರು, "ಒಂದು ವಾರ ಫೋಟೋ, ಒಂದು ವಾರ ರೀಲ್ ಹಾಕ್ಲೇನು? ಹಬ್ಬ ಎರಡಕ್ಕೂ ಬೀಳ್ತದ."

ಹಳೆಯ ರೀಲ್ ಮುಂದಿನ ವಾರವೂ ಒಂದಿಷ್ಟು ಜನರನ್ನು ಕರೆತರುತ್ತದೆ, ಆದ್ದರಿಂದ ವ್ಯತ್ಯಾಸ ಸ್ವಲ್ಪ ಮಸುಕಾಗುತ್ತದೆ. ಆದರೂ ಇದಕ್ಕಿಂತ ಒಳ್ಳೆಯ ದಾರಿ ನನಗೂ ಹೊಳೆಯಲಿಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಈಗ ಒಂದು ಸೋಮವಾರಕ್ಕೆ 'ಫೋ', ಮುಂದಿನ ಸೋಮವಾರಕ್ಕೆ 'ರೀ' ಅಂತ ಬರೆದಿದೆ. ಪಕ್ಕದಲ್ಲಿ ಬಂದವರೆಷ್ಟು, ಹೋದವರೆಷ್ಟು. ಗುಂಪಾಗಿ ಬಂದವರ ಸುತ್ತ ಪೆನ್ಸಿಲ್‌ನಲ್ಲಿ ಒಂದು ಸೊನ್ನೆ.