ನಾರ್ಮ್‌ಗಳ ಮೊತ್ತ ಸಿಕ್ಕಿತು, ಸೀರೀಸ್‌ನ ಮೊತ್ತ ಎಲ್ಲಿ?

ಮೈಸೂರಿನಲ್ಲಿ ಎಂ.ಎಸ್ಸಿ. ಹುಡುಗರಿಗೆ ಫಂಕ್ಷನಲ್ ಅನಾಲಿಸಿಸ್ ಹೇಳಿಕೊಡುವಾಗ ಈ ಪ್ರಶ್ನೆ ತಪ್ಪದೆ ಬರುತ್ತದೆ. “ಸರ್, ‖x₁‖ + ‖x₂‖ + ‖x₃‖ + … ಒಂದು ಸಂಖ್ಯೆಗೆ ಬಂದು ನಿಂತರೆ x₁ + x₂ + x₃ + … ಕೂಡ ನಿಲ್ಲಲೇಬೇಕಲ್ವಾ? ಬಿ.ಎಸ್ಸಿ.ಯಲ್ಲಿ ಹಾಗೇ ಓದಿದ್ವಿ.” ಓದಿದ್ದು ಸರಿಯೇ. ಆದರೆ ಅಲ್ಲಿ ಇದ್ದದ್ದು ರಿಯಲ್ ಸಂಖ್ಯೆಗಳು. ಅವು ಕಂಪ್ಲೀಟ್ ಆಗಿರುವುದರಿಂದ ತೊಂದರೆ ಕಣ್ಣಿಗೆ ಬೀಳಲಿಲ್ಲ.

ತೊಂದರೆ ನೋಡಬೇಕಾದರೆ ಒಂದು ಸಣ್ಣ ಸ್ಪೇಸ್ ಸಾಕು. ಸಂಖ್ಯೆಗಳ ಉದ್ದ ಸಾಲುಗಳನ್ನು ತೆಗೆದುಕೊಳ್ಳಿ, ಆದರೆ ಪ್ರತಿ ಸಾಲೂ ಎಲ್ಲೋ ಒಂದು ಕಡೆಯಿಂದ ಮುಂದಕ್ಕೆ ಬರೀ ಸೊನ್ನೆ ಆಗಿರಬೇಕು. ಇದನ್ನು c₀₀ ಅಂತ ಬರೆಯುತ್ತಾರೆ. ಸಾಲಿನಲ್ಲಿರುವ ಸಂಖ್ಯೆಗಳಲ್ಲಿ, ಚಿಹ್ನೆ ಬಿಟ್ಟು ನೋಡಿದರೆ ಯಾವುದು ದೊಡ್ಡದೋ ಅದೇ ನಾರ್ಮ್. n-ನೇ ಜಾಗದಲ್ಲಿ ಮಾತ್ರ 1 ಇದ್ದು ಉಳಿದೆಲ್ಲ ಸೊನ್ನೆ ಇರುವ ಸಾಲು eₙ. ಈಗ xₙ = eₙ/2ⁿ ಅಂತ ಇಟ್ಟುಕೊಳ್ಳಿ. ನಾರ್ಮ್‌ಗಳು 1/2, 1/4, 1/8, … ಒಟ್ಟು ಮೊತ್ತ 1. ಅಂದರೆ ಅಬ್ಸಲ್ಯೂಟ್ ಕನ್ವರ್ಜೆನ್ಸ್ ಇದೆ.

ಆದರೆ ಸೀರೀಸ್ ಎಲ್ಲಿಗೆ ಹೋಗುತ್ತದೆ? c₀₀ದ ಒಂದು ಸಾಲು x ಇದಕ್ಕೆ ಮೊತ್ತ ಅಂತ ಅಂದುಕೊಳ್ಳಿ. x ತನ್ನ N-ನೇ ಜಾಗದ ನಂತರ ಪೂರ್ತಿ ಸೊನ್ನೆ. ಈಗ (N+1)-ನೇ ಜಾಗದ ಮೇಲೆ ಕಣ್ಣಿಡಿ. ಅಷ್ಟು ಪದಗಳನ್ನು ಕೂಡಿಸಿದ ಮೇಲೆ, ಆಂಶಿಕ ಮೊತ್ತಗಳಲ್ಲಿ ಆ ಜಾಗದಲ್ಲಿ 1/2ᴺ⁺¹ ಖಾಯಂ ಕೂತಿರುತ್ತದೆ. x-ನಲ್ಲಿ ಅಲ್ಲಿ ಸೊನ್ನೆ. ಹಾಗಾಗಿ ದೂರ 1/2ᴺ⁺¹ಕ್ಕಿಂತ ಕಡಿಮೆ ಆಗುವುದೇ ಇಲ್ಲ. ಮೊತ್ತ ಆಗಬೇಕಿದ್ದ ಸಾಲು (1/2, 1/4, 1/8, …) ಎಲ್ಲೂ ಸೊನ್ನೆಗೆ ನಿಲ್ಲುವುದಿಲ್ಲ, ಆದ್ದರಿಂದ c₀₀ಯಲ್ಲಿ ಇಲ್ಲ. ಹಾಗಂತ ಇಲ್ಲಿ ಎಲ್ಲ ಸೀರೀಸೂ ಕೆಡುತ್ತದೆ ಅಂತಲ್ಲ. e₁/2ⁿ ಕೂಡಿಸಿದರೆ ಆರಾಮಾಗಿ e₁ ಸಿಗುತ್ತದೆ. ಒಂದೇ ಒಂದು ಕೆಟ್ಟರೂ ಸಾಕು, ಸ್ಪೇಸ್ ಕಂಪ್ಲೀಟ್ ಅಲ್ಲ.

ಸ್ಪೇಸ್ ಕಂಪ್ಲೀಟ್ ಆಗಿದ್ದರೆ ಸೀರೀಸ್ ನಿಲ್ಲುತ್ತದೆ ಅನ್ನುವುದು ಒಂದು ಸಾಲಿನ ಮಾತು. m-ನೇ ಪದದ ನಂತರದಿಂದ n-ನೇ ಪದದವರೆಗಿನ ಮೊತ್ತದ ನಾರ್ಮ್, ಅದೇ ಪದಗಳ ನಾರ್ಮ್‌ಗಳ ಮೊತ್ತಕ್ಕಿಂತ ಜಾಸ್ತಿ ಇರುವುದಿಲ್ಲ. ಆ ಬಾಲ ಸೊನ್ನೆಗೆ ಹೋಗುವುದರಿಂದ ಆಂಶಿಕ ಮೊತ್ತಗಳು ಕೋಶಿ ಸೀಕ್ವೆನ್ಸ್. ಉಳಿದದ್ದನ್ನು ಕಂಪ್ಲೀಟ್‌ನೆಸ್ ನೋಡಿಕೊಳ್ಳುತ್ತದೆ.

ನಿಜವಾದ ಮಜಾ ಇರುವುದು ತಿರುಗುಮುರುಗಿನಲ್ಲಿ, ಉತ್ತರಪತ್ರಿಕೆಗಳಲ್ಲಿ ಅಂಕ ಹೋಗುವುದೂ ಅಲ್ಲೇ. ಅಬ್ಸಲ್ಯೂಟ್ ಆಗಿ ನಿಲ್ಲುವ ಪ್ರತಿ ಸೀರೀಸೂ ನಿಲ್ಲುತ್ತದೆ ಅಂತ ಕೊಟ್ಟಿದ್ದಾರೆ. ಪ್ರತಿ ಕೋಶಿ ಸೀಕ್ವೆನ್ಸೂ ನಿಲ್ಲುತ್ತದೆ, ಅಂದರೆ ಸ್ಪೇಸ್ ಕಂಪ್ಲೀಟ್, ಅಂತ ತೋರಿಸಬೇಕು. ಒಂದು ಕೋಶಿ ಸೀಕ್ವೆನ್ಸ್ (xₙ) ಕೈಗೆ ಬಂತು. ಸುಮಾರು ಜನ ಸುಮ್ನೆ xₙ₊₁ − xₙ ಬರೆದು, “ಇದರ ನಾರ್ಮ್‌ಗಳ ಮೊತ್ತ ಮಿತಿಯೊಳಗಿದೆ” ಅಂದುಬಿಡುತ್ತಾರೆ. ಇಲ್ಲ, ಇರಲೇಬೇಕು ಅಂತಿಲ್ಲ. 1 − 1/2 + 1/3 − 1/4 + … ಇದರ ಆಂಶಿಕ ಮೊತ್ತಗಳನ್ನೇ ನೋಡಿ. ಅವು ಕೋಶಿ. ಆದರೆ ಪಕ್ಕಪಕ್ಕದ ಅಂತರಗಳು 1/2, 1/3, 1/4, … ಇವುಗಳ ಮೊತ್ತಕ್ಕೆ ಕೊನೆಯೇ ಇಲ್ಲ. ಕೋಶಿ ಸೀಕ್ವೆನ್ಸ್ ಎಷ್ಟು ಸಲ ಬೇಕಾದರೂ ಹಿಂದೆ ಮುಂದೆ ಓಲಾಡಬಹುದು, ಓಲಾಟ ಸಣ್ಣದಾಗುತ್ತಾ ಹೋದರೆ ಆಯಿತು.

ಅದಕ್ಕೇ ಆರಿಸಿಕೊಳ್ಳಬೇಕು. n₁ < n₂ < n₃ < … ಅಂತ ಹೀಗೆ ತೆಗೆಯಿರಿ: nₖ-ನೇ ಪದದಿಂದ ಮುಂದಕ್ಕೆ, ಅದೂ ಸೇರಿ, ಯಾವ ಎರಡು ಪದಗಳ ದೂರವೂ 1/2ᵏಕ್ಕಿಂತ ಕಡಿಮೆ. ಕೋಶಿ ಆಗಿರುವುದರಿಂದ ಇದು ಯಾವಾಗಲೂ ಸಿಗುತ್ತದೆ. ಈಗ ಆರಿಸಿದ ಪದಗಳ ಅಂತರಗಳನ್ನು yₖ ಅನ್ನಿ. ‖yₖ‖ < 1/2ᵏ, ಒಟ್ಟು ಮೊತ್ತ 1 ದಾಟುವುದಿಲ್ಲ. ಕೊಟ್ಟಿರುವ ಷರತ್ತಿನಿಂದ y₁ + y₂ + … ಯಾವುದೋ ಒಂದು y-ಗೆ ಬಂದು ನಿಲ್ಲುತ್ತದೆ. ಕೂಡಿಸುವಾಗ ನಡುವಿನದೆಲ್ಲ ಹೊಡೆದುಹೋಗಿ, ಆಂಶಿಕ ಮೊತ್ತದಲ್ಲಿ ಉಳಿಯುವುದು ಕೊನೆಯ ಪದ ಕಳೆ ಮೊದಲ ಪದ. ಅಂದರೆ ಆರಿಸಿದ ಪದಗಳು y + x-ಗೆ ಹೋಗುತ್ತವೆ, ಇಲ್ಲಿ x ಅಂದರೆ n₁-ನೇ ಪದ.

ಇಲ್ಲಿಗೇ ಪೆನ್ ಕೆಳಗಿಡುವವರೂ ಇದ್ದಾರೆ. ನಿಂತದ್ದು ಆರಿಸಿದ ಪದಗಳು ಮಾತ್ರ, ಪೂರ್ತಿ ಸೀಕ್ವೆನ್ಸ್ ಅಲ್ಲ. ಆ ಸೇತುವೆಗೆ ಕೋಶಿ ಗುಣ ಇನ್ನೊಮ್ಮೆ ಬೇಕು: ದೂರದ ಯಾವ ಪದವೂ ಆರಿಸಿದ ಪದಗಳಿಗೆ ಹತ್ತಿರ, ಆರಿಸಿದವು ಮಿತಿಗೆ ಹತ್ತಿರ. ಅಷ್ಟು ಬರೆದರೆ ಪೂರ್ತಿ ಅಂಕ.

ಈ ಸುತ್ತುಬಳಸು ಯಾಕೆ, ನೇರವಾಗಿ ಕೋಶಿ ಸೀಕ್ವೆನ್ಸ್ ಹಿಡಿಯಬಾರದಾ ಅಂತ ಕೇಳಬಹುದು. L¹ ಸ್ಪೇಸ್ ಕಂಪ್ಲೀಟ್ ಅಂತ ತೋರಿಸಲು ಕೂತಾಗ ಉತ್ತರ ಗೊತ್ತಾಗುತ್ತದೆ. ಕೋಶಿ ಸೀಕ್ವೆನ್ಸ್ ಕೊಟ್ಟರೆ ಮಿತಿಯ ಫಂಕ್ಷನ್ ಎಲ್ಲಿಂದ ತರುವುದು? ಬಿಂದು ಬಿಂದುವಿನಲ್ಲಿ ಅದು ಓಲಾಡುತ್ತಲೇ ಇರಬಹುದು. ಸೀರೀಸ್ ಕೊಟ್ಟರೆ ಕೆಲಸ ಸಲೀಸು: |f₁| + |f₂| + … ಇದರ ಇಂಟಿಗ್ರಲ್ ಮಿತಿಯೊಳಗಿದೆ, ಹಾಗಾಗಿ ಹೆಚ್ಚುಕಡಿಮೆ ಎಲ್ಲ ಬಿಂದುಗಳಲ್ಲೂ ಆ ಮೊತ್ತ ಒಂದು ಸಂಖ್ಯೆ. ಅಂಥ ಬಿಂದುಗಳಲ್ಲಿ f₁ + f₂ + … ರಿಯಲ್ ಸಂಖ್ಯೆಗಳ ಸೀರೀಸ್, ಅದು ನಿಲ್ಲುತ್ತದೆ ಅಂತ ಬಿ.ಎಸ್ಸಿ.ಯಲ್ಲೇ ಗೊತ್ತು. ಮಿತಿಯ ಫಂಕ್ಷನ್ ಕೈಗೆ ಬಂತು. ನಾರ್ಮ್‌ನಲ್ಲೂ ಅಲ್ಲಿಗೇ ಹೋಗುತ್ತದೆ ಅನ್ನಲು ಬಾಲದ ಇಂಟಿಗ್ರಲ್‌ಗಳ ಮೊತ್ತ ಸೊನ್ನೆಗೆ ಹೋಗುವುದೇ ಸಾಕು.